ಐದು ಜನರ ಟೈಲರಿಂಗ್ ಅಂಗಡಿಗೆ ಶೀಟ್ ಸಾಕೇ, ಸಿಆರ್‌ಎಂ ಬೇಕೇ?

ಪ್ರಶ್ನೆ: ಮುಲುಂಡ್ ಪಶ್ಚಿಮದಲ್ಲಿ ನಮ್ಮದೊಂದು ಲೇಡೀಸ್ ಟೈಲರಿಂಗ್ ಅಂಗಡಿ ಇದೆ. ನಾನು, ಕಟಿಂಗ್ ಮಾಸ್ಟರ್, ಇಬ್ಬರು ಕಾರೀಗರರು, ಹುಕ್ಕು-ಫಾಲು ನೋಡಿಕೊಳ್ಳುವ ಒಬ್ಬ ಅಕ್ಕ, ಒಟ್ಟು ಐದು ಜನ. ಎರಡು ವರ್ಷದಿಂದ ಗೂಗಲ್ ಶೀಟಿನಲ್ಲಿ ಗ್ರಾಹಕರಿಗೊಂದು ಸಾಲಿನಂತೆ ಬರೆದಿಡುತ್ತಿದ್ದೇನೆ, ಬಟ್ಟೆ ಕೊಟ್ಟಾದ ಮೇಲೆ ಆ ಸಾಲಿಗೆ ಹಸಿರು ಬಣ್ಣ ಹಚ್ಚುತ್ತೇನೆ. ಈ ನವರಾತ್ರಿಯಲ್ಲಿ ಒಬ್ಬರ ಎರಡು ಬ್ಲೌಸ್ ಹೊಲಿಯುವುದೇ ಮರೆತುಹೋಗಿ ದೊಡ್ಡ ರಾದ್ಧಾಂತವಾಯಿತು. ಒಬ್ಬ ಏಜೆಂಟರು ಸಿಆರ್‌ಎಂ, ಅಂದರೆ ಗ್ರಾಹಕರ ವಿವರ, ವ್ಯವಹಾರವನ್ನೆಲ್ಲ ಒಂದೆಡೆ ಇಟ್ಟುಕೊಳ್ಳುವ ಸಾಫ್ಟ್‌ವೇರ್ ಹಾಕಿಸಿಕೊಳ್ಳಿ, ತಲೆಗೆ ತಿಂಗಳಿಗೆ 900 ರೂಪಾಯಿ ಎನ್ನುತ್ತಿದ್ದಾರೆ. ಶೀಟ್ ಬಿಟ್ಟು ಅದಕ್ಕೆ ಹೋಗಬೇಕೇ ಸರ್?

ಉತ್ತರ: ಈಗ ಹೋಗಬೇಡಿ. ಆದರೆ ಈಗಿರುವ ಶೀಟನ್ನು ಇದೇ ರೂಪದಲ್ಲಿ ಮುಂದುವರಿಸಲೂ ಬೇಡಿ. ಆ ಎರಡು ಬ್ಲೌಸ್ ಮರೆತುಹೋದದ್ದಕ್ಕೆ ಕಾರಣ ಶೀಟಿನಲ್ಲಿ ಬರೆದದ್ದೂ ಅಲ್ಲ, ಸಿಆರ್‌ಎಂ ಇಲ್ಲದ್ದೂ ಅಲ್ಲ. ಗ್ರಾಹಕರಿಗೊಂದು ಸಾಲು ಎಂಬ ನಿಮ್ಮ ಲೆಕ್ಕವೇ ಕಾರಣ. ಅದನ್ನು ತಿದ್ದಿಕೊಳ್ಳದೆ ವರ್ಷಕ್ಕೆ 54,000 ರೂಪಾಯಿ ತೆತ್ತು ಸಾಫ್ಟ್‌ವೇರ್ ಹಾಕಿಸಿಕೊಂಡರೆ, ಅದೇ ತಪ್ಪು ಇನ್ನಷ್ಟು ಚೆಂದದ ಪರದೆಯ ಮೇಲೆ ನಡೆಯುತ್ತದೆ.

ನಡೆದದ್ದನ್ನು ನಾನು ಹೀಗೆ ಊಹಿಸುತ್ತೇನೆ. ಆ ಗ್ರಾಹಕರ ಸಾಲಿನ ಒಂದು ಕೋಶದಲ್ಲಿ ‘5 ಬ್ಲೌಸ್’ ಎಂದು ಬರೆದಿತ್ತು. ಮೂರು ಸಿದ್ಧವಾದವು, ಅವರು ಬಂದು ಒಯ್ದರು. ಆಗ ನೀವೋ ಅಂಗಡಿಯಲ್ಲಿದ್ದ ಇನ್ನೊಬ್ಬರೋ ಸಾಲಿಗೆ ಹಸಿರು ಬಣ್ಣ ಹಚ್ಚಿದಿರಿ, ಅಥವಾ ಕೋಶದಲ್ಲಿ ‘3 ಕೊಟ್ಟಿದೆ, 2 ಬಾಕಿ’ ಎಂದು ಸೇರಿಸಿದಿರಿ. ಬಣ್ಣ ಹಚ್ಚಿದ ಸಾಲನ್ನು ಮತ್ತೆ ಯಾರೂ ಓದುವುದಿಲ್ಲ. ‘2 ಬಾಕಿ’ ಎಂಬ ಮಾತನ್ನು ಮನುಷ್ಯರು ಓದಿ ತಿಳಿದುಕೊಳ್ಳಬಹುದು, ಆದರೆ ಶೀಟಿನ ಪಾಲಿಗೆ ಅದು ಬರಿಯ ಅಕ್ಷರ. ಅದನ್ನು ಕೂಡಲೂ ಆಗದು, ನಾಳೆ ಏನೇನು ಕೊಡಬೇಕು ಎಂದು ಕೇಳಿದರೆ ಎತ್ತಿ ತೋರಿಸಲೂ ಆಗದು. ಬಣ್ಣವಂತೂ ಶೀಟಿನ ಸೂತ್ರಗಳಿಗೆ ಕಾಣುವುದೇ ಇಲ್ಲ.

ಟೈಲರಿಂಗ್‌ನಲ್ಲಿ ಎಣಿಸಬೇಕಾದ ಘಟಕ ಪೀಸ್. ಕಾರೀಗರರಿಗೆ ಕೂಲಿ ಕೊಡುವಾಗ ಹೆಚ್ಚಿನವರು ಪೀಸ್ ಲೆಕ್ಕದಲ್ಲೇ ಕೊಡುತ್ತಾರೆ. ಗ್ರಾಹಕರ ಲೆಕ್ಕ ಬರೆಯುವಾಗ ಮಾತ್ರ ಅದನ್ನು ಮರೆತು ಬಿಲ್ಲಿಗೋ ಹೆಸರಿಗೋ ಒಂದು ಸಾಲು ಇಟ್ಟುಬಿಡುತ್ತಾರೆ. ಒಂದು ಬಿಲ್ಲಿನ ಐದು ಬ್ಲೌಸ್ ಒಂದೇ ದಿನ ಕಟ್ ಆಗುವುದಿಲ್ಲ, ಒಬ್ಬರ ಕೈಯಲ್ಲೇ ಇರುವುದಿಲ್ಲ, ಒಂದೇ ದಿನ ಮನೆಗೆ ಹೋಗುವುದೂ ಇಲ್ಲ. ಒಂದೊಂದರ ಸ್ಥಿತಿಯೂ ಬೇರೆ. ಆದ್ದರಿಂದ ಪ್ರತಿ ಪೀಸಿಗೂ ಅದರದ್ದೇ ಒಂದು ಸಾಲು ಬೇಕು.

ಇದನ್ನು ಒಂದು ಬಿಲ್ಲಿನ ಮೂಲಕ ನೋಡೋಣ. ಅದು 412ನೆಯ ಬಿಲ್ ಎಂದಿಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಮಗಳ ಮದುವೆ ಇರುವ ತಾಯಿಯೊಬ್ಬರು ಅಕ್ಟೋಬರ್ 2ರಂದು ಹಿಂದ್‌ಮಾತಾ ಮಾರುಕಟ್ಟೆಯಿಂದ ತಂದ ಬಟ್ಟೆಯ ಗಂಟು ಬಿಚ್ಚುತ್ತಾರೆ: ಮಗಳಿಗೆ ನಾಲ್ಕು ಲೈನಿಂಗ್ ಬ್ಲೌಸ್, ತಮಗೆ ಎರಡು, ನಾದಿನಿಗೆ ಒಂದು ಸಲ್ವಾರ್ ಸೂಟು. ಫೋನ್ ನಂಬರ್ ಒಂದೇ, ಬಿಲ್ ಒಂದೇ, ಅಡ್ವಾನ್ಸ್ 2,000 ರೂಪಾಯಿ. ಆದರೆ ಮೈಗಳು ಮೂರು, ಪೀಸುಗಳು ಏಳು. ಬೇಕಾದ ದಿನವೂ ಒಂದಲ್ಲ: ನಿಶ್ಚಿತಾರ್ಥಕ್ಕೆ ಒಂದು ಬ್ಲೌಸ್ ನವೆಂಬರ್ 5ಕ್ಕೇ ಬೇಕು, ಉಳಿದವು ತಿಂಗಳ ಕೊನೆಗೆ ಆದರೂ ಸಾಕು.

ನಿಮ್ಮ ಈಗಿನ ಶೀಟಿನಲ್ಲಿ ಇದೆಲ್ಲ ಒಂದು ಸಾಲಿಗೆ ತುರುಕಿಕೊಳ್ಳಬೇಕು. ಇದರ ಬದಲು ಒಂದೇ ಫೈಲಿನೊಳಗೆ ನಾಲ್ಕು ಹಾಳೆ ಮಾಡಿ: ಗ್ರಾಹಕ, ಬಿಲ್, ಪೀಸ್, ಅಳತೆ. ಗ್ರಾಹಕದಲ್ಲಿ ಫೋನ್ ನಂಬರ್, ಹೆಸರು, ಬಿಲ್ಡಿಂಗ್ ಇಷ್ಟಿದ್ದರೆ ಸಾಕು. ಬಿಲ್ಲಿನಲ್ಲಿ ಬಿಲ್ ಸಂಖ್ಯೆ, ಫೋನ್ ನಂಬರ್, ಒಟ್ಟು ಮೊತ್ತ, ಬಂದ ಹಣ. ನಿಜವಾದ ಕೆಲಸ ನಡೆಯುವುದು ಪೀಸ್ ಹಾಳೆಯಲ್ಲಿ. ಅದರ ಕಾಲಮ್‌ಗಳನ್ನು ಎಡದಿಂದ ಹೀಗೆ ಇಡಿ: ಪೀಸ್ ಸಂಖ್ಯೆ, ಬಿಲ್ ಸಂಖ್ಯೆ, ಉಡುಪು, ಅಳತೆ ಸಂಖ್ಯೆ, ಯಾರ ಕೈಯಲ್ಲಿದೆ, ಕೊಡುವ ದಿನ, ಸ್ಥಿತಿ, ಹೊಲಿಗೆಯ ಗಂಟೆ, ಟಿಪ್ಪಣಿ. 412ನೆಯ ಬಿಲ್ ಇಲ್ಲಿ ಏಳು ಸಾಲುಗಳಾಗಿ ಇಳಿಯುತ್ತದೆ, 412A ಯಿಂದ 412G ವರೆಗೆ. ಇದೇ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಆಯಾ ಬಟ್ಟೆಗೆ ಪಿನ್ ಮಾಡಿ. ಆ ಚೀಟಿ ಕತ್ತರಿಯಿಂದ ಇಸ್ತ್ರಿಯವರೆಗೆ ಬಟ್ಟೆಯ ಜೊತೆಗೇ ಇರಬೇಕು. ಸಂಖ್ಯೆಯನ್ನು ಅಡ್ಡಗೆರೆ ಹಾಕಿ 12-3 ಎಂಬಂತೆ ಬರೆಯಬೇಡಿ, ಶೀಟ್ ಅದನ್ನು ಮಾರ್ಚ್ ತಿಂಗಳ ಒಂದು ದಿನಾಂಕವೆಂದು ತಿಳಿಯುತ್ತದೆ. ಕನ್ನಡದ ಅ, ಆ ಬಳಸಬಹುದಿತ್ತು, ಆದರೆ ಮುಂಬಯಿಯಲ್ಲಿ ಕಾರೀಗರರು ಬಹಳಷ್ಟು ಮಂದಿ ಉತ್ತರದ ಕಡೆಯವರು. ಚೀಟಿ ಅವರಿಗೂ ಓದಲು ಬರಬೇಕಲ್ಲವೇ.

ಸ್ಥಿತಿ ಎಂಬ ಕಾಲಮ್ಮಿನಲ್ಲಿ ಯಾರೂ ಕೈಯಿಂದ ಟೈಪ್ ಮಾಡಬಾರದು, ಡ್ರಾಪ್‌ಡೌನಿನಿಂದ ಆರಿಸಬೇಕು. ಬಂದಿದೆ, ಕಟ್ ಆಗಿದೆ, ಹೊಲಿಗೆಯಲ್ಲಿ, ಕೈಕೆಲಸ, ಸಿದ್ಧ, ಕೊಟ್ಟಾಯಿತು, ಆಲ್ಟರ್ ಎಂಬ ಏಳು ಪದಗಳು ಸಾಕು. ಡ್ರಾಪ್‌ಡೌನ್ ಯಾಕೆ ಎಂದರೆ, ‘ಸಿದ್ಧ’ ಎಂದು ಒಬ್ಬರು ಬರೆದರೆ ‘ಸಿದ್ದ’ ಎಂದು ಇನ್ನೊಬ್ಬರು ಬರೆಯುತ್ತಾರೆ. ಓದುವವರಿಗೆ ಎರಡೂ ಒಂದೇ. ಸೂತ್ರಕ್ಕೆ ಮಾತ್ರ ಅವು ಎರಡು ಬೇರೆ ಪದಗಳು. ಒತ್ತಕ್ಷರದ ಒಂದು ಮಹಾಪ್ರಾಣ ಬಿಟ್ಟುಹೋದರೆ ಸಿದ್ಧವಾದ ಬ್ಲೌಸೊಂದು ಲೆಕ್ಕದಿಂದ ಮಾಯವಾಗುತ್ತದೆ.

ಇನ್ನು ಅಳತೆ. ಸಾಮಾನ್ಯವಾಗಿ ಶೀಟಿನಲ್ಲೂ ಸಿಆರ್‌ಎಂನಲ್ಲೂ ಎಲ್ಲರೂ ತಪ್ಪುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಅಳತೆ ಫೋನ್ ನಂಬರಿಗೆ ಸೇರಿದ್ದಲ್ಲ, ಒಂದು ಮೈಗೆ ಸೇರಿದ್ದು; ಅದೂ ಒಂದು ದಿನದ ಮೈಗೆ. 412ರ ಮದುಮಗಳಿಗೆ ಅಕ್ಟೋಬರ್ 2ರಂದು ಅಳತೆ ತೆಗೆದಿರಿ. ಅದಕ್ಕೆ 230 ಎಂಬ ಅಳತೆ ಸಂಖ್ಯೆ ಕೊಟ್ಟಿರಿ. ಆಮೇಲೆ ಆಕೆ ಮದುವೆಗೆಂದು ಜಿಮ್ಮಿಗೆ ಹೋಗಿ ಸೊರಗಿದಳು. ನವೆಂಬರ್ 15ರಂದು ಟ್ರಯಲ್‌ಗೆ ಬಂದಾಗ ಎದೆಸುತ್ತು 34.5ರಿಂದ 33.25ಕ್ಕೆ ಇಳಿದಿದೆ. ಈಗ ಹಳೆಯ ಅಂಕಿ ಅಳಿಸಿ ಹೊಸದನ್ನು ಬರೆದರೆ ಏನಾಗುತ್ತದೆ? ಹಳೆಯ ಅಳತೆಯಲ್ಲಿ ಆಗಲೇ ಕಟ್ ಆಗಿರುವ ಎರಡು ಬ್ಲೌಸ್ ಯಾವುವು, ಇನ್ನೂ ಕತ್ತರಿ ಮುಟ್ಟದ ಎರಡು ಯಾವುವು ಎಂಬುದು ಯಾರಿಗೂ ತಿಳಿಯದು. ಸಡಿಲವಾಯಿತೆಂದು ಗ್ರಾಹಕರು ದೂರಿದಾಗ ಮಾಸ್ಟರ್ ತಪ್ಪಾಗಿ ಕತ್ತರಿಸಿದರೋ, ಅಳತೆಯೇ ಬದಲಾಯಿತೋ ಎಂದು ತೋರಿಸಲು ಪುರಾವೆಯೂ ಉಳಿಯದು. ಆಲ್ಟರ್ ಮಾಡಿದ್ದಕ್ಕೆ ಹಣ ಕೇಳಬೇಕೇ ಬೇಡವೇ ಎಂಬ ಜಗಳ ಅಲ್ಲಿಂದಲೇ ಹುಟ್ಟುತ್ತದೆ.

ಆದ್ದರಿಂದ ಅಳತೆ ಹಾಳೆಯಲ್ಲಿ ಬರೆದದ್ದನ್ನು ಎಂದೂ ಅಳಿಸಬಾರದು. ಹೊಸ ಅಳತೆ ಎಂದರೆ ಹೊಸ ಸಾಲು: ಅಳತೆ ಸಂಖ್ಯೆ 261, ಫೋನ್ ನಂಬರ್, ‘ಮಗಳು’, ಬ್ಲೌಸ್, ತೆಗೆದ ದಿನ, ತೆಗೆದವರು, ಆಮೇಲೆ ಉದ್ದ, ಭುಜ, ಎದೆ, ಸೊಂಟ, ತೋಳು, ಕೊರಳು. ಪೀಸ್ ಹಾಳೆಯಲ್ಲಿ 412A, 412B ಎರಡೂ 230ನ್ನು ತೋರಿಸುತ್ತವೆ, 412C, 412D ಈಗ 261ನ್ನು. ಟ್ರಯಲ್ ಆದ ಮೇಲೆ ಮೊದಲಿನ ಎರಡರ ಸ್ಥಿತಿ ‘ಆಲ್ಟರ್’ ಆಗುತ್ತದೆ, ಟಿಪ್ಪಣಿಯಲ್ಲಿ ‘261ರಂತೆ ಒಳಗೆ ಹಿಡಿಯಬೇಕು’ ಎಂದು ಬರೆಯುತ್ತೀರಿ. ಅಂಕಿಗಳನ್ನು ದಶಮಾಂಶದಲ್ಲೇ ಬರೆಯಿರಿ: ಕಾಲಿಂಚಿಗೆ .25, ಅರ್ಧಕ್ಕೆ .5, ಮುಕ್ಕಾಲಿಗೆ .75. ಕೊರಳಪಟ್ಟಿಯ ಅಗಲ ಮುಕ್ಕಾಲಿಂಚು ಎಂದು 3/4 ಬರೆದರೆ ಶೀಟ್ ಅದನ್ನೂ ಏಪ್ರಿಲ್ ಮೂರನೆಯ ತಾರೀಖು ಮಾಡಿಬಿಡುತ್ತದೆ.

ಈಗ ಏಜೆಂಟರು ಹೇಳುವ ಸಿಆರ್‌ಎಂಗೆ ಬರೋಣ. ಆ ಹೆಸರಿನ ಸಾಫ್ಟ್‌ವೇರ್ ಹುಟ್ಟಿದ್ದು ಮಾರಾಟದವರಿಗಾಗಿ. ವಿಚಾರಣೆ ಬಂತು, ಫೋನ್ ಮಾಡಿದೆವು, ಕೊಟೇಶನ್ ಕೊಟ್ಟೆವು, ಚೌಕಾಶಿ ಆಯಿತು, ಆರ್ಡರ್ ಸಿಕ್ಕಿತು ಅಥವಾ ತಪ್ಪಿತು: ಈ ದಾರಿಯಲ್ಲಿ ಯಾವ ಗ್ರಾಹಕ ಎಲ್ಲಿದ್ದಾನೆ ಎಂದು ತೋರಿಸುವುದೇ ಅದರ ಮೂಲ ಕಸುಬು. ಆರ್ಡರ್ ಸಿಕ್ಕಿದ ಕೂಡಲೇ ಅದು ‘ಗೆದ್ದಾಯಿತು’ ಎಂದು ಕಡತ ಮುಚ್ಚುತ್ತದೆ. ನಿಮ್ಮ ಕಷ್ಟ ಶುರುವಾಗುವುದೇ ಅಲ್ಲಿಂದ. ನಿಮ್ಮ ಕೌಂಟರಿನ ಮುಂದೆ ಬಟ್ಟೆ ಹಿಡಿದು ನಿಂತವರನ್ನು ಒಲಿಸಿಕೊಳ್ಳುವುದೇನೂ ಉಳಿದಿಲ್ಲ. ಅವರು ತಂದದ್ದನ್ನು ಹೇಳಿದ ದಿನಕ್ಕೆ ಕೊಡುವುದಷ್ಟೇ ಉಳಿದಿರುವುದು.

ಸಿಆರ್‌ಎಂನ ಒಳಗೆ ಒಂದು ಆರ್ಡರಿನಡಿ ಹಲವು ಸಾಮಾನುಗಳನ್ನು ಪಟ್ಟಿ ಮಾಡಬಹುದು, ನಿಜ. ಆದರೆ ಸಾಮಾನ್ಯವಾಗಿ ಹಂತ ಎಂಬುದು ಇಡೀ ಆರ್ಡರಿಗೆ ಒಂದೇ ಇರುತ್ತದೆ. ಪಟ್ಟಿಯಲ್ಲಿರುವ ಒಂದೊಂದು ಸಾಮಾನಿಗೂ ಬೇರೆ ಹಂತ, ಬೇರೆ ದಿನ, ಬೇರೆ ಕಾರೀಗರ ಎಂದು ಇಡಲು ಪ್ರತ್ಯೇಕ ಮಾಡ್ಯೂಲ್ ಕಟ್ಟಿಸಬೇಕಾಗುತ್ತದೆ. ಅಂದರೆ 412ರ ಏಳು ಪೀಸುಗಳಲ್ಲಿ ಮೂರನ್ನು ಕೊಟ್ಟು ಆರ್ಡರನ್ನು ‘ಕೊಟ್ಟಾಯಿತು’ ಎಂದು ಸರಿಸಿದರೆ, ಉಳಿದ ನಾಲ್ಕು ನಿಮ್ಮ ಹಸಿರು ಸಾಲಿನಲ್ಲಿ ಅಡಗಿದ ಎರಡು ಬ್ಲೌಸಿನಂತೆಯೇ ಅಡಗಿಕೊಳ್ಳುತ್ತವೆ. ಅಳತೆಯ ಗತಿಯೂ ಅದೇ. ಏಜೆಂಟರು ಗ್ರಾಹಕರ ಕಾರ್ಡಿನಲ್ಲಿ ಎದೆ, ಸೊಂಟ, ತೋಳು ಎಂದು ಖಾನೆಗಳನ್ನು ಸೇರಿಸಿ ಕೊಡುತ್ತಾರೆ. ಒಂದು ಫೋನ್ ನಂಬರಿಗೆ ಒಂದು ಕಾರ್ಡ್, ಒಂದು ಕಾರ್ಡಿಗೆ ಒಂದು ಎದೆಸುತ್ತು. ತಾಯಿ, ಮಗಳು, ನಾದಿನಿ ಮೂವರೂ ಆ ಒಂದು ಖಾನೆಯಲ್ಲಿ ಹೇಗೆ ಹಿಡಿಸುತ್ತಾರೆ?

ತಲೆಗಿಷ್ಟು ಎಂಬ ಬೆಲೆಯೂ ನಿಮ್ಮಂಥ ಅಂಗಡಿಗೆ ಹೊಂದುವುದಿಲ್ಲ. ನಿಮ್ಮ ಐದು ಜನರಲ್ಲಿ ಲೆಕ್ಕದೊಳಗೆ ಬರೆಯುವವರು ನೀವೊಬ್ಬರು, ಹೆಚ್ಚೆಂದರೆ ಮಾಸ್ಟರ್. ಹೊಲಿಗೆ ಯಂತ್ರದ ಮುಂದೆ ಕೂತವರು ಪ್ರತಿ ಪೀಸಿಗೂ ಫೋನ್ ತೆಗೆದು ಲಾಗಿನ್ ಆಗುತ್ತಾರೆ ಎಂದು ನಂಬಬೇಡಿ. ಕೊಳ್ಳುವುದೇ ಆದರೂ ಐದು ಲಾಗಿನ್ ಕೊಳ್ಳುವ ಅಗತ್ಯವಿಲ್ಲ.

ಶೀಟಿನಿಂದ ನಿಮಗೆ ಸಿಗಬೇಕಾದ ದೊಡ್ಡ ಉಪಯೋಗ ಗ್ರಾಹಕರ ಪಟ್ಟಿಯಲ್ಲ, ‘ಶನಿವಾರ ಕೊಡ್ತೀರಾ?’ ಎಂದು ಕೇಳಿದಾಗ ಹೌದೋ ಅಲ್ಲವೋ ಎಂದು ಹೇಳುವ ಧೈರ್ಯ. ಅದಕ್ಕಾಗಿಯೇ ಪೀಸ್ ಹಾಳೆಯಲ್ಲಿ ಹೊಲಿಗೆಯ ಗಂಟೆ ಎಂಬ ಕಾಲಮ್ ಇಟ್ಟದ್ದು. ಪೀಸುಗಳನ್ನು ಬರಿದೇ ಎಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಲಂಗವೂ ಒಂದು ಪೀಸ್, ಪ್ಯಾಡ್ ಹಾಕಿದ ಲೈನಿಂಗ್ ಬ್ಲೌಸೂ ಒಂದು ಪೀಸ್. ನಿಮ್ಮ ಕಾರೀಗರರಿಗೆ ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮಾಸ್ಟರನ್ನು ಕೂರಿಸಿಕೊಂಡು ಒಂದು ಚಿಕ್ಕ ಪಟ್ಟಿ ಮಾಡಿ. ಲೈನಿಂಗ್ ಬ್ಲೌಸಿಗೆ ಎರಡೂವರೆ ಗಂಟೆ ಎಂದು ಅವರು ಹೇಳಿದರು ಎಂದುಕೊಳ್ಳೋಣ. ಆಮೇಲೆ ಬೇರೆ ಒಂದು ಹಾಳೆಯ ಮೊದಲ ಕಾಲಮ್ಮಿನಲ್ಲಿ ಮುಂದಿನ ಮೂವತ್ತು ದಿನಗಳ ತಾರೀಖು ಬರೆದು, ಪಕ್ಕದಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=SUMIFS('ಪೀಸ್'!H:H, 'ಪೀಸ್'!F:F, "<="&A2,
 'ಪೀಸ್'!G:G, "<>ಸಿದ್ಧ", 'ಪೀಸ್'!G:G, "<>ಕೊಟ್ಟಾಯಿತು")
```

ಆ ದಿನದ ವರೆಗೆ ಕೊಡಬೇಕಾದ, ಇನ್ನೂ ಸಿದ್ಧವಾಗದ ಪೀಸುಗಳಿಗೆ ಒಟ್ಟು ಎಷ್ಟು ಗಂಟೆ ಹೊಲಿಗೆ ಬಾಕಿಯಿದೆ ಎಂಬುದನ್ನು ಇದು ಹೇಳುತ್ತದೆ. ಇಬ್ಬರು ಕಾರೀಗರರ ದಿನದ ಎಂಟೆಂಟು ಗಂಟೆಯಲ್ಲಿ ಆಲ್ಟರೇಷನ್‌ಗೆಂದು ಎರಡು ಗಂಟೆ ಕಳೆದು, ದಿನಕ್ಕೆ 14 ಗಂಟೆ ಎಂದಿಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಒಬ್ಬರು ಐದು ಲೈನಿಂಗ್ ಬ್ಲೌಸ್ ತಂದು ಶನಿವಾರಕ್ಕೆ ಬೇಕು ಎನ್ನುತ್ತಾರೆ. ಶನಿವಾರ ಬೆಳಿಗ್ಗೆಯೊಳಗೆ ನಿಮ್ಮ ಕೈಯಲ್ಲಿರುವುದು ಐದು ದಿನ, 70 ಗಂಟೆ. ಹಾಳೆ ಶನಿವಾರದ ಎದುರು 64 ಎಂದು ತೋರಿಸುತ್ತಿದೆ. ಹೊಸದಾಗಿ ಬಂದದ್ದು ಹನ್ನೆರಡೂವರೆ ಗಂಟೆಯ ಕೆಲಸ, ಸೇರಿದರೆ 76.5 ಆಗುತ್ತದೆ, ಸಾಧ್ಯವಿಲ್ಲ. ಮುಂದಿನ ಮಂಗಳವಾರದ ಎದುರು 82 ಇದೆ. ಭಾನುವಾರ ರಜೆ ಬಿಟ್ಟರೂ ಅಷ್ಟರೊಳಗೆ ಏಳು ದಿನ, 98 ಗಂಟೆ ಸಿಗುತ್ತದೆ. 82ಕ್ಕೆ ಹನ್ನೆರಡೂವರೆ ಸೇರಿಸಿದರೆ 94.5, ಹಿಡಿಸುತ್ತದೆ. ‘ಮಂಗಳವಾರ ಸಂಜೆ ಬನ್ನಿ ತಾಯಿ’ ಎಂದು ಹೇಳಲು ಬೇಕಾದದ್ದು ಇಷ್ಟೇ. ಮಾರಾಟಕ್ಕೆಂದೇ ಮಾಡಿದ ಸಿಆರ್‌ಎಂ ಈ ಲೆಕ್ಕವನ್ನು ತಾನಾಗಿ ಕೊಡುವುದಿಲ್ಲ, ಅದಕ್ಕೆ ನಿಮ್ಮ ಕಾರೀಗರರ ಗಂಟೆಗಳ ಪರಿವೆಯೇ ಇಲ್ಲ.

ಈ ಸೂತ್ರ ನಿಂತಿರುವುದು ದಿನಾಂಕದ ಮೇಲೆ, ಹಾಗಾಗಿ ನನ್ನ ಕೈಯಿಂದಲೇ ಆದ ಒಂದು ಎಡವಟ್ಟನ್ನು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಠಾಣೆಯ ಒಂದು ಅಂಗಡಿಗೆ ಇಂಥದೇ ಶೀಟ್ ಮಾಡಿಕೊಟ್ಟು, ಎಲ್ಲ ಸರಿಯಿದೆ ಎಂದು ಮೀಸೆ ತಿರುವಿಕೊಂಡು ಡೊಂಬಿವ್ಲಿಗೆ ವಾಪಸಾಗಿದ್ದೆ. ನವೆಂಬರ್ ಮೊದಲ ವಾರದಲ್ಲಿ ಅಂಗಡಿಯವರ ಫೋನ್ ಬಂತು: ಐದನೆಯ ತಾರೀಖಿನ ಎದುರು ಬಾಕಿ ಗಂಟೆ ವಿಪರೀತ ಹೆಚ್ಚು ತೋರಿಸುತ್ತಿದೆ, ಹದಿಮೂರರಿಂದ ಮುಂದೆ ಕೊಡಬೇಕಾದವು ಲೆಕ್ಕದಲ್ಲೇ ಇಲ್ಲ. ಹೋಗಿ ನೋಡಿದರೆ ಫೈಲಿನ ಪ್ರದೇಶ ಅಮೆರಿಕ ಎಂದಿತ್ತು, ಅದನ್ನು ನಾನು ಗಮನಿಸಿರಲಿಲ್ಲ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನವೆಂಬರ್ 12ಕ್ಕೆಂದು ಅವರು 12/11 ಎಂದು ಬರೆದದ್ದು ಡಿಸೆಂಬರ್ 11 ಆಗಿತ್ತು. ನವೆಂಬರ್ 8ಕ್ಕೆ ಬರೆದ 8/11, ಎಂದೋ ಮುಗಿದ ಆಗಸ್ಟ್ 11 ಆಗಿ ಬಾಕಿಯೊಳಗೆ ಸೇರಿತ್ತು. ಹದಿಮೂರನೆಯ ತಿಂಗಳು ಎಂಬುದು ಇಲ್ಲದ ಕಾರಣ 13/11 ಮತ್ತು ಅದರ ಮುಂದಿನವು ದಿನಾಂಕವೇ ಆಗದೆ ಬರಿಯ ಅಕ್ಷರವಾಗಿ ಉಳಿದು ಸೂತ್ರಕ್ಕೆ ಸಿಕ್ಕಿರಲಿಲ್ಲ. ಪರದೆಯ ಮೇಲೆ ಮಾತ್ರ ಎಲ್ಲವೂ ಬರೆದಂತೆಯೇ ಕಾಣುತ್ತಿದ್ದವು.

ನಿಮ್ಮ ಫೈಲಿನಲ್ಲಿ ಮೊದಲು `File > Settings` ತೆರೆದು `Locale` ಎಂಬಲ್ಲಿ `India` ಇದೆಯೇ ನೋಡಿ. ಇಲ್ಲದಿದ್ದರೆ ಬದಲಿಸಿ, ಆಮೇಲೆ ಹಳೆಯ ತಾರೀಖುಗಳನ್ನು ಒಂದೊಂದಾಗಿ ಬಿಲ್ ಪುಸ್ತಕದೊಡನೆ ತಾಳೆ ಹಾಕಿ, ಯಾಕೆಂದರೆ ಆಗಲೇ ತಪ್ಪಾಗಿ ಅರ್ಥವಾದವು ತಾವಾಗಿ ಸರಿಹೋಗುವುದಿಲ್ಲ. ಗುರುತಿಸುವುದು ಸುಲಭ: ನೀವು ಜೋಡಣೆ ಬದಲಿಸಿರದಿದ್ದರೆ, ನಿಜವಾದ ದಿನಾಂಕ ಕೋಶದ ಬಲಕ್ಕೆ ಅಂಟಿರುತ್ತದೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ.

ಫೋನ್ ನಂಬರಿನ ಕಾಲಮ್ಮಿಗೂ ಒಂದು ಕಟ್ಟು ಬೇಕು. ಅದನ್ನು `Plain text` ಮಾಡಿ, ಹತ್ತು ಅಂಕಿ ಮಾತ್ರ, ಮುಂದೆ ಸೊನ್ನೆಯಾಗಲಿ 91 ಆಗಲಿ ಬೇಡ ಎಂದು ನಿಯಮ ಮಾಡಿಕೊಳ್ಳಿ. ಗ್ರಾಹಕ ಹಾಳೆಯ A2ದಿಂದ ಕೆಳಗೆ ಡೇಟಾ ವ್ಯಾಲಿಡೇಷನ್‌ನಲ್ಲಿ ಈ ಸೂತ್ರ ಕೊಟ್ಟು `Reject the input` ಆರಿಸಿದರೆ, ಉದ್ದ ತಪ್ಪಿದ ನಂಬರನ್ನೂ ಎರಡನೆಯ ಸಲ ಬರೆದ ನಂಬರನ್ನೂ ಶೀಟ್ ತಿರಸ್ಕರಿಸುತ್ತದೆ:

```
=AND(LEN(A2)=10, COUNTIF(A:A, A2)=1)
```

ವಾಟ್ಸ್‌ಆ್ಯಪ್‌ನಿಂದ ನಂಬರ್ ಕಾಪಿ ಮಾಡಿ ಅಂಟಿಸಿದರೆ ಈ ಕಾವಲು ತಪ್ಪಿಹೋಗಬಹುದು. ಕೈಯಿಂದ ಟೈಪ್ ಮಾಡುವುದೇ ಲೇಸು.

ಇಷ್ಟೆಲ್ಲ ಮಾಡಿದ ಮೇಲೂ ಶೀಟ್ ಸುಳ್ಳು ಹೇಳಬಹುದು, ಯಾರೂ ಸ್ಥಿತಿ ಬದಲಿಸದಿದ್ದರೆ. ಹೊಸ ಸಾಫ್ಟ್‌ವೇರ್ ತಂದರೂ ಇದು ತಪ್ಪುವುದಿಲ್ಲ. ಕಾರೀಗರರು ಬರೆಯುವುದು ಬೇಡ. ದಿನವೂ ಅಂಗಡಿ ಮುಚ್ಚುವ ಮುನ್ನ ನೀವು ಫೋನ್ ಹಿಡಿದು ಮಾಸ್ಟರ್ ಮೇಜಿನಿಂದ ಇಸ್ತ್ರಿಯವರೆಗೆ ಒಂದು ಸುತ್ತು ಬನ್ನಿ. ಚೀಟಿ ನೋಡಿ ಸ್ಥಿತಿ ಬದಲಿಸಿ. ನಿಮ್ಮ ಗಾತ್ರಕ್ಕೆ ಹದಿನೈದು ನಿಮಿಷ ಸಾಕು. ವಾರಕ್ಕೊಮ್ಮೆ ಇನ್ನೊಂದು ಪರೀಕ್ಷೆ ಮಾಡಿ: ಶೀಟಿನಲ್ಲಿ ‘ಸಿದ್ಧ’ ಎಂದಿರುವ ಸಾಲುಗಳನ್ನು ಎಣಿಸಿ, ಕಂಬಿಗೆ ತೂಗುಹಾಕಿರುವ, ಚೀಲದಲ್ಲಿಟ್ಟಿರುವ ಸಿದ್ಧ ಪೀಸುಗಳನ್ನೂ ಎಣಿಸಿ. ಶೀಟಿನಲ್ಲಿ 23, ಕಂಬಿಯಲ್ಲಿ 21 ಇದ್ದರೆ, ಎರಡು ಪೀಸುಗಳನ್ನು ಕೊಟ್ಟು ಬರೆಯದೆ ಬಿಟ್ಟಿದ್ದೀರಿ ಅಥವಾ ಅವು ಬೇರೆಯವರ ಚೀಲ ಸೇರಿವೆ. ಅಂದೇ ಹುಡುಕಿದರೆ ಸಿಗುತ್ತವೆ. ಹಬ್ಬದ ಹಿಂದಿನ ದಿನ ಹುಡುಕಿದರೆ ಸಿಗುವುದಿಲ್ಲ.

ಹಳೆಯ ಎರಡು ವರ್ಷದ ಸಾಲುಗಳನ್ನೆಲ್ಲ ಹೊಸ ರೂಪಕ್ಕೆ ತರಲು ಕೂರಬೇಡಿ. ಈಗ ಅಂಗಡಿಯಲ್ಲಿ ಬಟ್ಟೆಯಿರುವ ಬಿಲ್ಲುಗಳನ್ನಷ್ಟೇ ಪೀಸ್ ಪೀಸಾಗಿ ಇಳಿಸಿ. ಉಳಿದ ಗ್ರಾಹಕರು ಮುಂದಿನ ಸಲ ಬಂದಾಗ ಹೇಗೂ ಹೊಸ ಅಳತೆ ತೆಗೆಯುತ್ತೀರಿ, ಆಗ ಬರೆದರಾಯಿತು. ಶೀಟ್ ತುಂಬಿಹೋಗುವುದೆಂಬ ಹೆದರಿಕೆಯೂ ಬೇಡ: ದಿನಕ್ಕೆ ಹತ್ತು ಪೀಸಿನಂತೆ ವರ್ಷಕ್ಕೆ 3,000 ಸಾಲು, ಒಂಬತ್ತು ಕಾಲಮ್ಮಿನಂತೆ 27,000 ಕೋಶ, ಗೂಗಲ್ ಶೀಟಿನ ಒಂದು ಫೈಲಿನ ಮಿತಿ 1 ಕೋಟಿ ಕೋಶ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳೂ ಅದರಲ್ಲೇ ಬರೆಯಬಹುದು. ಸೂತ್ರಗಳು ನಿಧಾನವಾಗದಿರಲಿ ಎಂದು ವರ್ಷಕ್ಕೊಂದು ಹೊಸ ಫೈಲ್ ಮಾಡಿ, ಅಳತೆ ಹಾಳೆಯನ್ನು ಮಾತ್ರ ಜೊತೆಗೆ ಒಯ್ಯಿರಿ.

ಶೀಟ್ ನಿಜಕ್ಕೂ ಕೈಕೊಡುವುದು ಗೌಪ್ಯತೆಯ ವಿಷಯದಲ್ಲಿ. ಹೆಂಗಸರ ಹೆಸರು, ಫೋನ್ ನಂಬರ್, ಮೈಯ ಅಳತೆ ಮೂರೂ ಒಂದೆಡೆ ಇರುವ ಫೈಲ್ ಅದು. ಹಾಳೆಯನ್ನು ಅಡಗಿಸಿಟ್ಟರೆ, ತಿದ್ದದಂತೆ ಬೀಗ ಹಾಕಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಬೀಗ ತಿದ್ದುವುದನ್ನಷ್ಟೇ ತಡೆಯುತ್ತದೆ, ನೋಡುವುದನ್ನಲ್ಲ. ಅಡಗಿಸಿದ ಹಾಳೆಯನ್ನು ಫೈಲಿನ ನಕಲು ಮಾಡಿಕೊಂಡವರು ಮತ್ತೆ ತೆರೆದುಕೊಳ್ಳಬಹುದು. ಆದ್ದರಿಂದ ಇಂದೇ `Share` ಒತ್ತಿ ನೋಡಿ. ಅಲ್ಲಿ `Anyone with the link` ಎಂದಿದ್ದರೆ `Restricted` ಮಾಡಿ, ನಿಮ್ಮ ಮತ್ತು ಮಾಸ್ಟರ್ ಖಾತೆ ಬಿಟ್ಟು ಉಳಿದವರನ್ನು ತೆಗೆಯಿರಿ. ಕೆಲಸ ಬಿಟ್ಟುಹೋದವರ ಹೆಸರು ಅಲ್ಲಿ ಉಳಿದಿರುವುದು ಬಹಳ ಸಾಮಾನ್ಯ. ಗ್ರಾಹಕರ ಇಂಥ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವವರ ಹೊಣೆಯನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತದೆ. ಒಬ್ಬರಿಗೆ ಅಳತೆ ಕಾಣಬೇಕು, ಹಣ ಕಾಣಬಾರದು; ಇನ್ನೊಬ್ಬರಿಗೆ ಹಣ ಕಾಣಬೇಕು, ಫೋನ್ ನಂಬರ್ ಕಾಣಬಾರದು ಎಂಬಂಥ ಭೇದ ನಿಮಗೆ ಬೇಕಾದ ದಿನ ಶೀಟ್ ಸಾಲದು. ಅಂಥ ಕೆಲಸಕ್ಕೆ ಸಾಫ್ಟ್‌ವೇರೇ ಸರಿ.

ಇನ್ನೂ ಎರಡು ಸಂದರ್ಭಗಳಲ್ಲಿ ನಾನೇ ಬದಲಾಯಿಸಿ ಎನ್ನುತ್ತೇನೆ. ಎರಡನೆಯ ಅಂಗಡಿ ತೆರೆದು, ಒಂದೆಡೆ ಬಟ್ಟೆ ಪಡೆದು ಇನ್ನೊಂದೆಡೆ ಹೊಲಿಯುವಂತಾದರೆ, ಸಂಜೆಯ ಆ ಒಂದು ಸುತ್ತು ನಿಮ್ಮಿಂದ ಆಗದು. ಇನ್ನೊಂದು, ಶಾಲೆಯ ಯೂನಿಫಾರ್ಮ್, ಹೋಟೆಲಿನ ಸಿಬ್ಬಂದಿಯ ಉಡುಪು ಇಂಥ ಕಾಂಟ್ರಾಕ್ಟುಗಳ ಬೆನ್ನು ಹತ್ತಿದರೆ. ಅಲ್ಲಿ ವಿಚಾರಣೆ, ಸ್ಯಾಂಪಲ್, ಕೊಟೇಶನ್, ಮತ್ತೆ ಮತ್ತೆ ಫೋನ್ ಎಲ್ಲ ಇರುತ್ತದೆ. ಜನವರಿಯಲ್ಲಿ ಮಾತಾಡಿದ ಶಾಲೆಗೆ ಮಾರ್ಚಿನಲ್ಲಿ ನೆನಪಿನಿಂದ ಫೋನ್ ಮಾಡಬೇಕಾಗುತ್ತದೆ. ಸಿಆರ್‌ಎಂ ಹೇಳಿ ಮಾಡಿಸಿದಂತೆ ಹೊಂದುವ ಜಾಗ ಅದು. ಅಲ್ಲಿಯೂ ಮೊದಲು ಪುಕ್ಕಟೆಯಾಗಿ ಸಿಗುವುದನ್ನು ಬಳಸಿ ನೋಡಿ. ಉದಾಹರಣೆಗೆ ಜೋಹೋ ಸಿಆರ್‌ಎಂನ ಉಚಿತ ಆವೃತ್ತಿ ಮೂವರ ಬಳಕೆಗೆ ಸಿಗುತ್ತದೆ, ಬರೆಯುವ ಇಬ್ಬರಿಗೆ ಅದು ಧಾರಾಳವಾಯಿತು. ಮೊದಲ ಸಂದರ್ಭಕ್ಕಾದರೆ ಸಿಆರ್‌ಎಂ ಬದಲು ಟೈಲರಿಂಗ್ ಅಂಗಡಿಗೆಂದೇ ಮಾಡಿದ ಆರ್ಡರ್ ಸಾಫ್ಟ್‌ವೇರನ್ನು ಹುಡುಕಿ. ಬದಲಾಯಿಸುವ ಕೆಲಸ ಮಾತ್ರ ಮದುವೆಗಳಿಲ್ಲದ ಆಷಾಢದಲ್ಲಿ ಇಟ್ಟುಕೊಳ್ಳಿ. ನವರಾತ್ರಿಯಿಂದ ದೀಪಾವಳಿಯವರೆಗೆ ಯಾರು ಹೇಳಿದರೂ ಮುಟ್ಟಬೇಡಿ.

ಆ ಏಜೆಂಟರು ಮತ್ತೆ ಬಂದರೆ ಅವರ ಲ್ಯಾಪ್‌ಟಾಪಿನಲ್ಲಿರುವ ಸಿದ್ಧ ಉದಾಹರಣೆಯನ್ನು ನೋಡುತ್ತ ಕೂರಬೇಡಿ. 412ನೆಯ ಬಿಲ್ಲನ್ನು ಅವರ ಕೈಗೆ ಕೊಟ್ಟು ನಿಮ್ಮೆದುರೇ ಹಾಕಲು ಹೇಳಿ: ಒಂದು ಫೋನ್, ಮೂರು ಮೈ, ಏಳು ಪೀಸ್, ಎರಡು ಕೊಡುವ ದಿನ, ಮಗಳಿಗೆ ಎರಡು ತಾರೀಖಿನ ಎರಡು ಅಳತೆ, ಮೂರು ಕೊಟ್ಟದ್ದು, ಎರಡು ಆಲ್ಟರ್. ಹಾಕಿದ ಮೇಲೆ ಬಾಕಿಯಿರುವ ಪೀಸುಗಳನ್ನು ಕೊಡುವ ದಿನದ ಕ್ರಮದಲ್ಲಿ ತೋರಿಸಲು ಕೇಳಿ. ತೋರಿಸಿದರೆ, ಅದೆಲ್ಲವನ್ನೂ ಯಾವ ಶೀಟಿನಲ್ಲೂ ತೆರೆಯಬಹುದಾದ ಸಿಎಸ್‌ವಿ ಫೈಲಾಗಿ ಹೊರತೆಗೆದು ಕೊಡಲು ಹೇಳಿ, ಹಳೆಯ ಅಳತೆಯೂ ಅದರಲ್ಲಿರಬೇಕು. ಆ ಫೈಲನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದ ಹೆಸರುಗಳು ಚಿತ್ರವಿಚಿತ್ರ ಅಕ್ಷರಗಳಾಗಿ ಕಂಡರೆ ಫೈಲ್ ಕೆಟ್ಟಿದೆಯೆಂದು ತಿಳಿಯಬೇಡಿ; ಇಂಪೋರ್ಟ್ ಮಾಡುವಾಗ `65001: Unicode (UTF-8)` ಆರಿಸಿದರೆ, ಅಥವಾ ಗೂಗಲ್ ಶೀಟಿಗೇ ಏರಿಸಿದರೆ, ಸರಿಯಾಗಿ ಕಾಣುತ್ತವೆ. ಹೊರತೆಗೆಯಲು ಬರುವುದಿಲ್ಲ, ಅಥವಾ ಅದಕ್ಕೆ ಬೇರೆ ಹಣ ಎಂದರೆ, ಚಹಾ ಕೊಟ್ಟು ಕಳಿಸಿ.